ಕೇಸರಿಬಾತ್ ತೂಕ ಮಾಡಿ ಲೆಕ್ಕ ಹಾಕಿದ್ದು

ಒಂದು ಬಟ್ಟಲು ಕೇಸರಿಬಾತ್‌ಗೆ ಎಷ್ಟು ಕ್ಯಾಲೊರಿ ಎಂದು ಹುಡುಕಿದರೆ ಒಂದು ಕಡೆ 200 ಅಂತಿರುತ್ತದೆ, ಇನ್ನೊಂದು ಕಡೆ 450. ಯಾವ ಬಟ್ಟಲು, ಅದರಲ್ಲಿ ತುಪ್ಪ ಎಷ್ಟು ಎಂದು ಮಾತ್ರ ಯಾರೂ ಹೇಳಿರುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅಂದಾಜು ನನಗೆ ಸಾಲಲಿಲ್ಲ. ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು, ಹಬ್ಬಕ್ಕೆ ಹೇಗೆ ಕೈಬಿಚ್ಚಿ ಮಾಡುತ್ತೇವೋ ಹಾಗೇ ಮಾಡಿ ಅಳೆದೆ.

ಮೊದಲು ಖಾಲಿ ಬಾಣಲೆಯ ತೂಕ ಬರೆದಿಟ್ಟುಕೊಂಡೆ. ಇದನ್ನು ಬಿಟ್ಟರೆ ಮುಂದಿನ ಲೆಕ್ಕವೇ ಕೂಡುವುದಿಲ್ಲ. ತುಪ್ಪವನ್ನು ಸೌಟಿನಲ್ಲಿ ಅಳೆಯಲಿಲ್ಲ, ಏಕೆಂದರೆ ಕೊನೆಯಲ್ಲಿ ಮೇಲಿಂದ ಸುರಿಯುವ ತುಪ್ಪ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ತುಪ್ಪದ ಡಬ್ಬಿಯನ್ನೇ ಅಡುಗೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಗಿದೆ. ಕಡಿಮೆಯಾದದ್ದೆಲ್ಲ ಬಾಣಲೆಯಲ್ಲಿದೆ.

200 ಗ್ರಾಂ ಚಿರೋಟಿ ರವೆ, 300 ಗ್ರಾಂ ಸಕ್ಕರೆ, 150 ಗ್ರಾಂ ತುಪ್ಪ, 40 ಗ್ರಾಂ ಗೋಡಂಬಿ, 30 ಗ್ರಾಂ ಒಣದ್ರಾಕ್ಷಿ, 600 ಮಿಲಿ ನೀರು ಹಿಡಿಯಿತು. ರವೆಗೆ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಸಕ್ಕರೆಗೆ 400, ತುಪ್ಪಕ್ಕೆ 900, ಗೋಡಂಬಿಗೆ 575, ದ್ರಾಕ್ಷಿಗೆ 300 ಎಂದು ಹಿಡಿದೆ. ರವೆಯಿಂದ 700, ಸಕ್ಕರೆಯಿಂದ 1200, ತುಪ್ಪದಿಂದ 1350, ಗೋಡಂಬಿ ದ್ರಾಕ್ಷಿ ಎರಡೂ ಸೇರಿ 320. ಒಟ್ಟು 3570.

ನನ್ನ ಕಣ್ಣು ಹೋದದ್ದು ತುಪ್ಪದ ಮೇಲೆ. ತೂಕದಲ್ಲಿ ಅದು ಸಕ್ಕರೆಯ ಅರ್ಧ, ಆದರೂ ಕ್ಯಾಲೊರಿಯಲ್ಲಿ ಸಕ್ಕರೆಗಿಂತ ಮುಂದೆ. ಎಲ್ಲರೂ ದೂರುವುದು ಗೋಡಂಬಿಯನ್ನು. ಅದರ ಜೊತೆಗೆ ದ್ರಾಕ್ಷಿ ಸೇರಿಸಿದರೂ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದಲ್ಲಿ ರವೆ, ಸಕ್ಕರೆ, ತುಪ್ಪ ಮೂರೂ ಸಮ ಅಳತೆ. ಅಲ್ಲಿ ಈ ಮೂರರ ಕ್ಯಾಲೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತುಪ್ಪದ್ದೇ. ಅದನ್ನು ಪ್ರಸಾದವೆಂದು ಅಂಗೈಯಷ್ಟೇ ಕೊಡುವುದರಿಂದ ನಡೆಯುತ್ತದೆ, ಬಟ್ಟಲು ತುಂಬ ತಿಂದರೆ ಬೇರೆ ಮಾತು.

ಬೆಂದು ಸಿದ್ಧವಾದ ಕೇಸರಿಬಾತ್, ಬಾಣಲೆಯ ತೂಕ ಕಳೆದು 1200 ಗ್ರಾಂ ಬಂತು. ಅಂದರೆ 100 ಗ್ರಾಂಗೆ ಸುಮಾರು 300 ಕ್ಯಾಲೊರಿ. ನಮ್ಮ ಮನೆಯ ಸ್ಟೀಲ್ ಬಟ್ಟಲಿಗೆ ಬೀಳುವುದು 150 ಗ್ರಾಂ. ಹಾಗಾಗಿ ಒಬ್ಬರ ಪಾಲು 450, ಅದರಲ್ಲಿ ಸಕ್ಕರೆಯೇ ಏಳು ಚಮಚಕ್ಕೂ ಮಿಕ್ಕಿ. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ. ಅಪ್ಪನಿಗೂ ಇದನ್ನು ಬಿಡಿಸಿ ಹೇಳಬೇಕಾಯಿತು.

ಮುಂದಿನ ಸಲ ತುಪ್ಪ 80 ಗ್ರಾಂಗೆ, ಸಕ್ಕರೆ 220 ಗ್ರಾಂಗೆ ಇಳಿಸಿದೆ. ಒಟ್ಟು 2620ಕ್ಕೆ ಬಂತು. ಆದರೆ ಬಾಣಲೆಯಲ್ಲಿದ್ದದ್ದೂ 1050 ಗ್ರಾಂಗೆ ಕುಗ್ಗಿತ್ತು. ಹಾಗಾಗಿ ಅದೇ ಬಟ್ಟಲಿಗೆ 375. ತುಪ್ಪವನ್ನು ಹತ್ತಿರ ಹತ್ತಿರ ಅರ್ಧ ಮಾಡಿಯೂ ಒಂದು ಬಟ್ಟಲಲ್ಲಿ ಉಳಿತಾಯವಾದದ್ದು 75 ಕ್ಯಾಲೊರಿ! ಅಳತೆ ಇಳಿಸಿದ್ದೇವೆ ಎಂದು ಇನ್ನೊಂದು ಸೌಟು ಬಡಿಸಿಕೊಂಡರೆ ಅದೂ ಹೋಯಿತು. ಈಗ ಅಪ್ಪನಿಗೆ ಚಟ್ನಿ ಬಡಿಸುವ ಪುಟ್ಟ ಬಟ್ಟಲಲ್ಲಿ 80 ಗ್ರಾಂ ಕೊಡುತ್ತೇನೆ. ಅದು 200 ಕ್ಯಾಲೊರಿ. ಸಕ್ಕರೆ ಅದರಲ್ಲೂ ಮೂರು ಚಮಚಕ್ಕಿಂತ ಹೆಚ್ಚಿದೆ, ಆದ್ದರಿಂದ ಅದು ಹಬ್ಬದ ದಿನಕ್ಕೆ ಮಾತ್ರ.

ತುಪ್ಪ ಕಡಿಮೆ ಮಾಡಿದಾಗ ಕೈಚಳಕ ಸ್ವಲ್ಪ ಹೆಚ್ಚು ಬೇಕು. ಗೋಡಂಬಿ ಕರಿದ ತುಪ್ಪದಲ್ಲೇ ಸಣ್ಣ ಉರಿಯಲ್ಲಿ ರವೆಯನ್ನು ಘಮ್ಮೆನ್ನುವವರೆಗೆ ಹುರಿಯುತ್ತೇನೆ, ಬಣ್ಣ ತಿರುಗಲು ಬಿಡುವುದಿಲ್ಲ. ಕುದಿಯುವ ನೀರು ಹಾಕಿ, ರವೆ ಪೂರ್ತಿ ಅರಳಿದ ಮೇಲಷ್ಟೇ ಸಕ್ಕರೆ. ಸಕ್ಕರೆ ಬಿದ್ದ ಮೇಲೆ ರವೆ ಸರಿಯಾಗಿ ನೀರು ಹೀರುವುದಿಲ್ಲ, ಕಾಳು ಕಾಳಾಗಿ ಹಲ್ಲಿಗೆ ಸಿಗುತ್ತದೆ. ಒಂದು ಚಮಚ ತುಪ್ಪವನ್ನು ಎತ್ತಿಟ್ಟುಕೊಂಡು ಒಲೆ ಆರಿಸಿದ ಮೇಲೆ ಹಾಕಿದರೆ ಘಮ ಮೇಲೇ ನಿಲ್ಲುತ್ತದೆ. ತುಪ್ಪ 80 ಗ್ರಾಂಗಿಂತ ತೀರಾ ಕೆಳಗೆ ಹೋದರೆ ಬಿಸಿಯಲ್ಲಿ ಚೆನ್ನಾಗಿಯೇ ಇರುತ್ತದೆ, ಆರಿದ ಮೇಲೆ ಗಟ್ಟಿಕಟ್ಟುತ್ತದೆ. 100 ಮಿಲಿ ನೀರು ಹೆಚ್ಚು ಹಾಕಿದರೆ ಮೃದುವಾಗುತ್ತದೆ. ಒಟ್ಟು ಕ್ಯಾಲೊರಿ ಬದಲಾಗದೆ ತೂಕ ಹೆಚ್ಚುವುದರಿಂದ ಆ ಪುಟ್ಟ ಬಟ್ಟಲು 180ರ ಆಸುಪಾಸಿಗೆ ಬರುತ್ತದೆ.

ಕ್ಯಾರೆಟ್ ಹಲ್ವಾದಲ್ಲಿ ಇದೇ ಲೆಕ್ಕ ತಿರುಗಿ ಬೀಳುತ್ತದೆ. ತರಕಾರಿಯಲ್ಲವೇ, ಹಗುರ ಎಂದುಕೊಳ್ಳುತ್ತೇವೆ. ಆದರೆ ಕ್ಯಾರೆಟ್ಟಿನ ನೀರು, ಹಾಲಿನ ನೀರು ಎರಡನ್ನೂ ಇಂಗಿಸುತ್ತೇವೆ. ಒಂದು ಕಿಲೋ ಕ್ಯಾರೆಟ್, ಒಂದು ಲೀಟರ್ ಹಾಲು ಹಾಕಿದ್ದು ಕೊನೆಗೆ ಸಕ್ಕರೆ ತುಪ್ಪ ಎಲ್ಲ ಸೇರಿಯೂ ಕಿಲೋ ಚಿಲ್ಲರೆ ಉಳಿಯುತ್ತದೆ. 250 ಗ್ರಾಂ ಸಕ್ಕರೆ, 100 ಗ್ರಾಂ ತುಪ್ಪ, ಒಂದು ಹಿಡಿ ಗೋಡಂಬಿ ಬಿದ್ದರೆ 100 ಗ್ರಾಂ ಹಲ್ವಾ 280ರ ಸುತ್ತ ಬರುತ್ತದೆ, ಕೇಸರಿಬಾತ್‌ಗಿಂತ ದೊಡ್ಡ ವ್ಯತ್ಯಾಸವೇನಿಲ್ಲ. ಹಲ್ವಾವನ್ನು ಇನ್ನೂ ಗಟ್ಟಿಯಾಗಿ ಬಾಡಿಸಿದರೆ ಆ ಅಂಕಿ ಮೇಲೇರುತ್ತದೆ, ಆದ್ದರಿಂದ ಹಲ್ವಾ ಮಾಡಿದಾಗಲೆಲ್ಲ ಬಾಣಲೆಯನ್ನು ಹೊಸದಾಗಿ ತೂಗಲೇಬೇಕು.