ನಡುದಾರಿಯಲ್ಲಿ ಹತ್ತುವವರಿಗೆ ಬರ್ತ್: RLWL, PQWL ಬಂದಾಗ ನಾನು ನೋಡುವುದೇನು

ರಾತ್ರಿ ಬೆಂಗಳೂರು ಬಿಡುವ ಕರ್ನಾಟಕ ಎಕ್ಸ್‌ಪ್ರೆಸ್ (12627) ಕಲಬುರಗಿ ತಲುಪುವಾಗ ಮರುದಿನವಾಗಿರುತ್ತದೆ. ಅಲ್ಲಿ ಹತ್ತಿ ದೆಹಲಿಗೆ ಹೋಗುವವರಿಗೆ ಟಿಕೆಟ್ ಮಾಡಿಸುವಾಗ ನಾನು ಮೊದಲು ನೋಡುವುದು ವೇಟಿಂಗ್ ಲಿಸ್ಟಿನ ಸಂಖ್ಯೆಯನ್ನಲ್ಲ, ಅದರ ಹಿಂದಿರುವ ಅಕ್ಷರಗಳನ್ನು.

ರೈಲು ಹೊರಡುವ ಊರಿನವರಿಗೆ ದೊಡ್ಡ ಪಾಲು ಇರುತ್ತದೆ. ಅದರ ಸರದಿ GNWL. ದಾರಿಯ ಮುಖ್ಯ ಊರಿಗೆಂದೇ ತೆಗೆದಿಟ್ಟ ಸಣ್ಣ ಪಾಲಿನದು RLWL. ಹಲವು ಸಣ್ಣ ಸ್ಟೇಷನ್‌ಗಳು ಹಂಚಿಕೊಳ್ಳುವ ಪಾಲಿನದು PQWL. ಒಂದು ಪಾಲಿನಲ್ಲಿ ಯಾರಾದರೂ ಕ್ಯಾನ್ಸಲ್ ಮಾಡಿದರೆ ಆ ಪಾಲಿನ ಸರದಿ ಮಾತ್ರ ಮುಂದೆ ಹೋಗುತ್ತದೆ.

ಪರದೆಯ ಮೇಲೆ `RLWL9/WL6` ಮತ್ತು `GNWL60/WL35` ಬಂದಿವೆ ಎನ್ನೋಣ. ಎರಡನೆಯ ಸಂಖ್ಯೆಯೇ ಈಗಿನ ಸರದಿ. ಲೆಕ್ಕಕ್ಕಾಗಿ ಕಲಬುರಗಿಯ ಪಾಲು 12 ಬರ್ತ್, ಬೆಂಗಳೂರಿನದು 300 ಎಂದುಕೊಳ್ಳಿ. ಮೊದಲನೆಯದು ಖಚಿತವಾಗಲು ಅರ್ಧದಷ್ಟು ಜನ ಪ್ರಯಾಣ ಬಿಡಬೇಕು, ಎರಡನೆಯದಕ್ಕೆ ನೂರಕ್ಕೆ ಹನ್ನೆರಡು ಮಂದಿ ಬಿಟ್ಟರೆ ಸಾಕು. ಹಾಗಾಗಿ ಕಣ್ಣಿಗೆ ಚಿಕ್ಕದಾಗಿ ಕಾಣುವ 6 ನಂಬುವಂಥದ್ದಲ್ಲ. PQWL ಇನ್ನೂ ಕಷ್ಟ: ರಾಯಚೂರಿನಿಂದ ಸೊಲ್ಲಾಪುರದವರೆಗಿನ ಟಿಕೆಟ್ ಯಾರೋ ಬಿಟ್ಟರೆ, ಆ ಬರ್ತ್ ಮುಂದೆ ಬೇರೆಯವರ ಹೆಸರಿನಲ್ಲಿದ್ದಾಗ ದೆಹಲಿಗೆ ಹೋಗುವವರಿಗೆ ಅದು ಸಿಗುವುದಿಲ್ಲ. ಜನ ಕಡಿಮೆ ಇರುವ ದಿನಗಳಲ್ಲಿ ಬೇರೆ ಪಾಲಿನಲ್ಲಿ ಉಳಿದ ಬರ್ತ್‌ಗಳು ಚಾರ್ಟ್ ಹೊತ್ತಿಗೆ ಇವರಿಗೂ ಬರುತ್ತವೆ. ಹಬ್ಬ, ಬೇಸಿಗೆ ರಜೆಯಲ್ಲಿ ಆ ಆಸೆ ಬೇಡ.

RLWL ಬೆಳೆದಿದ್ದರೆ ಬೆಂಗಳೂರು–ದೆಹಲಿ ಎಂದೇ ಹುಡುಕುತ್ತೇನೆ. ಅಲ್ಲಿ ಬರ್ತ್ ಸಿಕ್ಕರೆ ಟಿಕೆಟ್ ಮಾಡುವಾಗಲೇ ಬೋರ್ಡಿಂಗ್ ಸ್ಟೇಷನ್ ಕಲಬುರಗಿ ಎಂದು ಆರಿಸುತ್ತೇನೆ. ಪೂರ್ತಿ ದೂರದ ದರ ಕೊಡಬೇಕು, ಹೆಚ್ಚಿನ ಹಣ ವಾಪಸ್ ಬರುವುದಿಲ್ಲ. ಆದರೆ ದೂರ ಹೆಚ್ಚಿದಂತೆ ಕಿಲೋಮೀಟರ್ ದರ ಇಳಿಯುವುದರಿಂದ ವ್ಯತ್ಯಾಸ ಅಂದುಕೊಂಡಷ್ಟು ಇರುವುದಿಲ್ಲ. ಬೋರ್ಡಿಂಗ್ ಸ್ಟೇಷನ್ ಬದಲಾಯಿಸಲು ಮರೆತರೆ ಮಾತ್ರ ಪೆಟ್ಟು: ಬೆಂಗಳೂರಿನಲ್ಲಿ ಹತ್ತಲಿಲ್ಲವೆಂದು ಟಿಟಿಇ ಆ ಬರ್ತನ್ನು, ಒಂದೇ ಬರ್ತ್ ಹಂಚಿಕೊಂಡು ಕೂತ ಆರ್‌ಎಸಿಯವರಿಗೆ ಕೊಟ್ಟುಬಿಡಬಹುದು.

ತಾರೀಖಿನಲ್ಲಿ ಬಹಳ ಜನ ಎಡವುತ್ತಾರೆ. ಕಲಬುರಗಿಯಲ್ಲಿ 20ರಂದು ಹತ್ತುವ ರೈಲು ಬೆಂಗಳೂರು ಬಿಟ್ಟಿದ್ದು 19ಕ್ಕೆ. ಕಲಬುರಗಿಯಿಂದ ಹುಡುಕಿದರೆ 20, ಬೆಂಗಳೂರಿನಿಂದ ಹುಡುಕಿದರೆ 19 ಹಾಕಬೇಕು. 60 ದಿನದ ಮುಂಗಡ ಬುಕಿಂಗ್ ಲೆಕ್ಕವೂ ರೈಲು ಹೊರಡುವ ದಿನದ್ದೇ. ಅಂದರೆ 19ಕ್ಕೆ 60 ದಿನ ಮುಂಚೆ, ಬೆಳಿಗ್ಗೆ 8ಕ್ಕೇ, ಕಲಬುರಗಿಯ ಸಣ್ಣ ಪಾಲೂ ತೆರೆದಿರುತ್ತದೆ. 20ರಿಂದ ಹಿಂದಕ್ಕೆ ಎಣಿಸಿ ಕೂತವರು ಬರುವ ಹೊತ್ತಿಗೆ ಒಂದು ದಿನ ಕಳೆದಿರುತ್ತದೆ.

ಚಾರ್ಟ್ ಆದಮೇಲೆ ಆರ್‌ಎಸಿ ಬಂದಿದ್ದರೆ ಹತ್ತಬಹುದು. ಇ-ಟಿಕೆಟ್ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ಅದು ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ರಿಸರ್ವ್ ಬೋಗಿ ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕವೇ.