ಪೊಟ್ಟಣದ ಮೇಲೆ ಹೊಸದಾಗಿ ಬಂದ ಒಂದು ಸಾಲು: ನಿಯಮದೊಳಗೆ ವ್ಯಾಪಾರ ಹುಡುಕಿದ ನನ್ನ ಅನುಭವ

ಪೊಟ್ಟಣ ಸಾಮಗ್ರಿಗಳಿಗೆ ಸಂಬಂಧಿಸಿದ ಕಾನೂನು ಮಾಪನಶಾಸ್ತ್ರ ನಿಯಮಗಳಿಗೆ ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ತಿದ್ದುಪಡಿ ತಂದಾಗ ಪತ್ರಿಕೆಗಳು ಅದನ್ನು ಗ್ರಾಹಕರ ಸುದ್ದಿಯಾಗಿ ಬರೆದವು. ಇನ್ನು ಮುಂದೆ ಪ್ರತಿ ಪೊಟ್ಟಣದ ಮೇಲೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಬೆಲೆ ಬೀಳುತ್ತದೆ ಎಂಬುದನ್ನೂ, ಅಂದರೆ ಘಟಕ ಬೆಲೆಯನ್ನೂ ಮುದ್ರಿಸಬೇಕು, ಕೊಳ್ಳುವವರಿಗೆ ಹೋಲಿಸಿ ನೋಡಲು ಸುಲಭವಾಗುತ್ತದೆ ಎಂಬುದು ಸಾರಾಂಶ. ನಾನು ರಾಜಪತ್ರದ ಅಧಿಸೂಚನೆಯನ್ನೇ ತೆಗೆದು ಓದಿದೆ. ನನ್ನ ಇಂದಿನ ಉದ್ಯಮ, ಅಂದರೆ ಸಣ್ಣ ಪ್ಯಾಕಿಂಗ್ ಘಟಕಗಳಿಗೆ ಮುದ್ರಣ ಯಂತ್ರವನ್ನು ಬಾಡಿಗೆಗೆ ಕೊಟ್ಟು ನಡೆಸುವ ಕೆಲಸ, ಹುಟ್ಟಿದ್ದು ಆ ಓದಿನಿಂದ.

ನಿಯಮ ಓದುವಾಗ ಮೊದಲು ನಾನು ಹುಡುಕುವುದು, ಅದು ಯಾರ ಕೈಗೆ ಹೊಸ ಕೆಲಸ ಕೊಡುತ್ತದೆ, ಆ ಕೆಲಸ ಒಮ್ಮೆ ಮಾಡಿ ಮುಗಿಯುವಂಥದ್ದೋ ಪ್ರತಿದಿನ ಮಾಡಬೇಕಾದದ್ದೋ ಎಂಬುದನ್ನು. ಒಮ್ಮೆ ಮಾಡಿ ಮುಗಿಯುವ ಕೆಲಸಕ್ಕೆ ಸಲಹೆಗಾರರು ಮುಗಿಬೀಳುತ್ತಾರೆ. ಗಡುವಿನ ಹಿಂದೆಮುಂದೆ ಕೆಲವು ತಿಂಗಳು ಹಣ ಹರಿಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಈ ತಿದ್ದುಪಡಿ ಮೇಲುನೋಟಕ್ಕೆ ಹಾಗೆಯೇ ಕಾಣುತ್ತಿತ್ತು: ವಿನ್ಯಾಸದಲ್ಲಿ ಒಂದು ಸಾಲು ಸೇರಿಸಿದರೆ ಆಯಿತಲ್ಲ? ಆದರೆ ಆ ಸಾಲಿನಲ್ಲಿರುವುದು ಬೆಲೆ. ಎಂಆರ್‌ಪಿ ಬದಲಾದಾಗಲೆಲ್ಲ ಅದೂ ಬದಲಾಗಬೇಕು. ಹಾಗಾಗಿ ಅದನ್ನು ಪೌಚಿನ ವಿನ್ಯಾಸದೊಳಗೆ ಅಚ್ಚು ಹಾಕಿಸಿ ನಿಶ್ಚಿಂತೆಯಾಗಿ ಇರಲು ಆಗುವುದಿಲ್ಲ.

ಸಣ್ಣ ಘಟಕದವರು ಪೌಚಿನ ರೋಲನ್ನು ಗ್ರೇವ್ಯೂರ್ ಮುದ್ರಣದಲ್ಲಿ ಮಾಡಿಸುತ್ತಾರೆ. ಪ್ರತಿ ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಮುದ್ರಕರು ಸಣ್ಣ ಪ್ರಮಾಣದ ಆರ್ಡರ್ ಒಪ್ಪುವುದಿಲ್ಲ, ಆದ್ದರಿಂದ ತಿಂಗಳುಗಟ್ಟಲೆ ಸಾಲುವಷ್ಟು ರೋಲು ಗೋದಾಮಿನಲ್ಲಿ ಬಿದ್ದಿರುತ್ತದೆ. ಬೆಲೆ, ಬ್ಯಾಚ್ ನಂಬರ್, ತಯಾರಿಕೆಯ ತಿಂಗಳು ಮತ್ತು ವರ್ಷ ಇವನ್ನು ಮಾತ್ರ ತುಂಬುವ ಹೊತ್ತಿನಲ್ಲಿ ಒತ್ತುತ್ತಾರೆ. ನಾನು ನೋಡಿದ ಹೆಚ್ಚಿನ ಘಟಕಗಳಲ್ಲಿ ಇದಕ್ಕಿದ್ದದ್ದು ರಬ್ಬರ್ ಅಕ್ಷರಗಳನ್ನು ಕೈಯಿಂದ ಜೋಡಿಸುವ ಕೋಡಿಂಗ್ ಯಂತ್ರ. ಆಪರೇಟರ್ ಚಿಮಟದಿಂದ ಒಂದೊಂದೇ ಅಕ್ಷರ ಎತ್ತಿ, ತಿರುವುಮುರುವಾಗಿ ಓದುತ್ತಾ ಸಾಲು ಕಟ್ಟಬೇಕು. ಇದಕ್ಕೆ ಈಗ ದಶಮಾಂಶ ಚಿಹ್ನೆಯಿರುವ ಇನ್ನೊಂದು ಸಾಲು ಸೇರುತ್ತದೆ, ಅದೂ ಪ್ರತಿ ಗಾತ್ರದ ಪೊಟ್ಟಣಕ್ಕೆ ಬೇರೆ ಬೇರೆ.

ಪುಡಿ ತುಂಬಿ ಮಾರುವ ಒಂದು ಘಟಕದ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಐವತ್ತು ಗ್ರಾಂ ಪೊಟ್ಟಣ 26 ರೂಪಾಯಿ, ಅಂದರೆ ಗ್ರಾಂಗೆ 0.52. ನೂರು ಗ್ರಾಂ 48 ರೂಪಾಯಿ, ಗ್ರಾಂಗೆ 0.48. ಐನೂರು ಗ್ರಾಂ 210 ರೂಪಾಯಿ, ಗ್ರಾಂಗೆ 0.42. ಒಂದು ಕಿಲೋ ಪೊಟ್ಟಣಕ್ಕೆ ಎಂಆರ್‌ಪಿಯೂ ಕಿಲೋ ಬೆಲೆಯೂ ಒಂದೇ ಆಗುವುದರಿಂದ ಪ್ರತ್ಯೇಕ ಸಾಲು ಬೇಕಿಲ್ಲ. ಒಂದು ಕಿಲೋ ದಾಟಿದ ಪೊಟ್ಟಣಕ್ಕೆ ಮಾತ್ರ ಗ್ರಾಂ ಲೆಕ್ಕ ನಡೆಯುವುದಿಲ್ಲ, ಕಿಲೋ ಲೆಕ್ಕದಲ್ಲೇ ಬರೆಯಬೇಕು: ಒಂದೂವರೆ ಕಿಲೋಗೆ 600 ರೂಪಾಯಿಯಾದರೆ ಕಿಲೋಗೆ 400. ಭಾಗಿಸಿದಾಗ ಉದ್ದದ ದಶಮಾಂಶ ಬಂದರೆ ಎರಡು ಸ್ಥಾನಕ್ಕೆ ಸರಿಹೊಂದಿಸಬೇಕು. 175 ಗ್ರಾಂಗೆ 65 ರೂಪಾಯಿ ಇದ್ದರೆ 0.3714 ಬರುತ್ತದೆ, ಬರೆಯುವುದು 0.37. ಇದರಲ್ಲಿ ಕಠಿಣವಾದದ್ದು ಏನೂ ಇಲ್ಲ. ಆದರೆ ಕಚ್ಚಾ ಸಾಮಗ್ರಿಯ ದರ ಏರಿ ಮಾಲೀಕರು ಎಲ್ಲ ಗಾತ್ರದ ಬೆಲೆಯನ್ನೂ ಒಟ್ಟಿಗೆ ಬದಲಿಸಿದ ದಿನ, ಬೆಳಗಿನ ಪಾಳಿಯಲ್ಲಿ ರಬ್ಬರ್ ಅಕ್ಷರ ಹಿಡಿದು ನಿಂತವರ ಕೈಯಲ್ಲಿ ಈ ಲೆಕ್ಕ ತಪ್ಪುವುದು ಖಂಡಿತ. ನನಗೆ ವ್ಯಾಪಾರ ಕಂಡದ್ದು ಅಲ್ಲಿ.

ಸ್ಟಿಕರ್ ಅಂಟಿಸಿದರೆ ಮುಗಿಯಿತಲ್ಲ ಎಂದು ಆಗ ನನಗೆ ಹೇಳಿದವರು ಬಹಳ ಮಂದಿ. ಸ್ಟಿಕರ್ ಮುದ್ರಿಸಿಕೊಡುವ ಉದ್ಯಮಕ್ಕೆ ಹಣ ಹಾಕಲು ಹೊರಟವರೂ ಇದ್ದರು. ತಿದ್ದುಪಡಿಯಲ್ಲಿ ಸ್ಟಿಕರ್ ವಿಚಾರ ಕಾಣುವುದಿಲ್ಲ ನಿಜ, ಆದರೆ 2011ರ ಮೂಲ ನಿಯಮದಲ್ಲಿ ಇದೆ. ಕಡ್ಡಾಯ ವಿವರಗಳನ್ನು ಬದಲಿಸಲಿಕ್ಕೋ ಹೊಸದಾಗಿ ಸೇರಿಸಲಿಕ್ಕೋ ಬಿಡಿ ಸ್ಟಿಕರ್ ಅಂಟಿಸುವಂತಿಲ್ಲ ಎಂದು ಆರನೆಯ ನಿಯಮ ಹೇಳುತ್ತದೆ. ಎಂಆರ್‌ಪಿ ಇಳಿಸುವಾಗ ಮಾತ್ರ ವಿನಾಯಿತಿ, ಅದೂ ಹಳೆಯ ಬೆಲೆ ಮುಚ್ಚಿಹೋಗದ ಹಾಗೆ. ಸ್ಟಿಕರಿನ ದಾರಿ ಇಷ್ಟಕ್ಕೇ ಮುಚ್ಚಿತು. ತಿದ್ದುಪಡಿಯನ್ನು ಬಿಡಿಯಾಗಿ ಓದಬಾರದು, ಮೂಲ ನಿಯಮವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಓದಬೇಕು ಎಂದು ನಾನು ಇಂದಿಗೂ ಹಟ ಹಿಡಿಯುವುದು ಇದೇ ಕಾರಣಕ್ಕೆ.

ಉಳಿದದ್ದು ಪೌಚಿನ ಮೇಲೆ ನೇರವಾಗಿ ಮುದ್ರಿಸುವ ದಾರಿ. ನಾನು ಆರಿಸಿಕೊಂಡದ್ದು ಥರ್ಮಲ್ ಇಂಕ್‌ಜೆಟ್ ಯಂತ್ರ, ಕಚೇರಿಯ ಪ್ರಿಂಟರಿನ ಹಾಗೆ ಕಾರ್ಟ್ರಿಜ್ ಹಾಕುವಂಥದ್ದು. ಅದರ ಒಂದು ಹೆಡ್ ಮುದ್ರಿಸಬಲ್ಲ ಎತ್ತರ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. ಎಂಆರ್‌ಪಿ, ಘಟಕ ಬೆಲೆ, ಬ್ಯಾಚ್, ತಿಂಗಳು ಎಂದು ನಾಲ್ಕು ಸಾಲು ಇಟ್ಟರೆ ಪ್ರತಿ ಅಕ್ಷರಕ್ಕೆ ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್ ಸಿಗುತ್ತದೆ. ನಿಯಮವು ಪೊಟ್ಟಣದ ತೂಕಕ್ಕೆ ತಕ್ಕಂತೆ ಅಂಕಿಗಳ ಕನಿಷ್ಠ ಎತ್ತರವನ್ನೂ ನಿಗದಿ ಮಾಡಿದೆ. ಸಣ್ಣ ಪೊಟ್ಟಣಗಳಿಗೆ ಒಂದು ಹೆಡ್ ಸಾಕು. ದೊಡ್ಡವಕ್ಕೆ ಸಾಲುಗಳನ್ನು ಅಕ್ಕಪಕ್ಕ ಹರಡಬೇಕು, ಇಲ್ಲವೇ ಎರಡು ಹೆಡ್ ಜೋಡಿಸಬೇಕು. ಗ್ರಾಹಕರಿಗೆ ದರ ಹೇಳುವ ಮೊದಲೇ ಇದನ್ನು ಅಳೆದುಕೊಳ್ಳದಿದ್ದರೆ ಲಾಭವೆಲ್ಲ ಎರಡನೆಯ ಹೆಡ್ಡಿಗೇ ಹೋಗುತ್ತದೆ.

ಶಾಯಿಯ ವಿಷಯಕ್ಕೆ ಇನ್ನಷ್ಟು ಗಮನ ಬೇಕು. ನೀರು ಆಧಾರಿತ ಶಾಯಿ ಕಾಗದಕ್ಕೆ ಚೆನ್ನಾಗಿ ಹಿಡಿಯುತ್ತದೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗದೆ ಕಲೆಯಾಗುತ್ತದೆ. ಅದಕ್ಕಾಗಿ ದ್ರಾವಕ ಆಧಾರಿತ ಕಾರ್ಟ್ರಿಜ್ ಬೇಕು. ಆದರೆ ಅದು ಪೌಚಿನ ಮೇಲೆ ಎಷ್ಟು ಬೇಗ ಒಣಗುತ್ತದೆಯೋ ನಳಿಕೆಯ ಬಾಯಲ್ಲೂ ಅಷ್ಟೇ ಬೇಗ ಒಣಗುತ್ತದೆ. ಊಟದ ವಿರಾಮಕ್ಕೆ ಯಂತ್ರ ನಿಲ್ಲಿಸಿ ಬಂದರೆ ಮೊದಲ ಕೆಲವು ಪೊಟ್ಟಣಗಳಲ್ಲಿ ಅಕ್ಷರದ ನಡುವೆ ಬಿಳಿ ಗೆರೆ ಕಾಣುತ್ತದೆ. 0.48 ಎಂಬುದರಲ್ಲಿ ಚುಕ್ಕೆಯೇ ಬೀಳದಿದ್ದರೆ ಅದು 048 ಆಗುತ್ತದೆ. ಅದಕ್ಕೇ ನಮ್ಮ ಗ್ರಾಹಕರ ಆಪರೇಟರ್‌ಗಳಿಗೆ ಒಂದು ಕ್ರಮ ಕಲಿಸಿದ್ದೇವೆ: ವಿರಾಮದ ನಂತರ ನಳಿಕೆ ಒರೆಸಿ, ಖಾಲಿ ಪೌಚಿನ ಮೇಲೆ ಮುದ್ರಿಸಿ, ಚುಕ್ಕೆ ನೋಡಿ, ಹೆಬ್ಬೆರಳಿನಿಂದ ಉಜ್ಜಿ, ಪಾರದರ್ಶಕ ಟೇಪು ಅಂಟಿಸಿ ಕೀಳಬೇಕು. ಟೇಪಿಗೆ ಶಾಯಿ ಬಂದರೆ ಆ ರೋಲಿಗೆ ಆ ಕಾರ್ಟ್ರಿಜ್ ಹೊಂದುವುದಿಲ್ಲ ಎಂದು ಅರ್ಥ.

ಲೆಕ್ಕದ ಭಾಗವನ್ನು ಆಪರೇಟರ್ ಕೈಯಿಂದ ಪೂರ್ತಿ ತೆಗೆದೆವು. ಪರದೆಯಲ್ಲಿ ಸರಕನ್ನೂ ತೂಕವನ್ನೂ ಆರಿಸಿ ಎಂಆರ್‌ಪಿ ಒತ್ತಿದರೆ ಘಟಕ ಬೆಲೆ ತಾನಾಗಿ ಬರುತ್ತದೆ, ತಿದ್ದಲು ಅವಕಾಶವಿಲ್ಲ. ತಾಂತ್ರಿಕವಾಗಿ ಇದು ಸಣ್ಣ ಕೆಲಸ. ಆದರೂ ಗ್ರಾಹಕರು ನಮ್ಮನ್ನು ಬಿಡದೆ ಇರುವುದು ಇದಕ್ಕಾಗಿ ಎಂದು ನನ್ನ ನಂಬಿಕೆ.

ಇದಕ್ಕೆ ಹಣ ಕೊಡುವವರು ಯಾರು ಎಂಬುದಕ್ಕೂ ಉತ್ತರ ಕಾನೂನಿನಲ್ಲೇ ಸಿಕ್ಕಿತು. ವಿವರ ಸರಿಯಿಲ್ಲದ ಪೊಟ್ಟಣಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 36ನೆಯ ಕಲಮಿನಲ್ಲಿ ಆಗ ಇದ್ದ ದಂಡ ಮೊದಲ ತಪ್ಪಿಗೆ 25 ಸಾವಿರ ರೂಪಾಯಿವರೆಗೆ. ಅದಕ್ಕಿಂತ ಮುಖ್ಯವಾಗಿ, ಆ ಕಲಮು ತಯಾರಿಸುವವರನ್ನು ಮಾತ್ರವಲ್ಲದೆ ಮಾರುವವರನ್ನೂ ಹಿಡಿಯುತ್ತದೆ. ಅಂದಮೇಲೆ ದೊಡ್ಡ ಮಳಿಗೆ ಸರಣಿಗಳು ಸರಕು ಇಳಿಸಿಕೊಳ್ಳುವ ಜಾಗದಲ್ಲೇ ಪೊಟ್ಟಣ ತಿರುಗಿಸಿ ನೋಡಿ, ಸಾಲು ಇಲ್ಲದಿದ್ದರೆ ಲಾರಿಯನ್ನು ಹಿಂದಕ್ಕೆ ಕಳಿಸುತ್ತವೆ. ತಪಾಸಣಾಧಿಕಾರಿ ವರ್ಷಕ್ಕೊಮ್ಮೆ ಬಂದರೂ ಬರಬಹುದು, ಬರದೆಯೂ ಇರಬಹುದು. ಖರೀದಿದಾರರ ತಪಾಸಣೆ ಮಾತ್ರ ಪ್ರತಿ ಲೋಡಿಗೂ ನಡೆಯುತ್ತದೆ. ಆದ್ದರಿಂದ ನಾನು ಮೊದಲು ಭೇಟಿಯಾದದ್ದು ಇಂಥ ಮಳಿಗೆಗಳಿಗೆ ಸರಕು ಕೊಡುವ ಘಟಕಗಳನ್ನು ಮಾತ್ರ. ಸಡಿಲವಾಗಿ ಸ್ಥಳೀಯ ಅಂಗಡಿಗಳಿಗೆ ಹಾಕುವವರನ್ನು ಪಟ್ಟಿಯಿಂದಲೇ ಬಿಟ್ಟೆ.

ನಿಯಮವನ್ನು ನಂಬಿ ವ್ಯಾಪಾರ ಮಾಡುವವರನ್ನು ನಿಜವಾಗಿ ಮುಳುಗಿಸುವುದು ಗಡುವಿನ ಮುಂದೂಡಿಕೆ. ಈ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿ ಎಂದಿತ್ತು. ಅದು ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿ, ಘಟಕ ಬೆಲೆ ಪೂರ್ತಿ ಕಡ್ಡಾಯವಾದದ್ದು 2024ರ ಜನವರಿ 1ರಿಂದ. ನಾನು ಯಂತ್ರಗಳನ್ನು ಒಟ್ಟಾಗಿ ಕೊಂಡು ಇಡಲಿಲ್ಲ. ಗ್ರಾಹಕರ ಮುಂಗಡ ಬಂದ ಮೇಲೆ ಒಂದೊಂದೇ ತರಿಸಿದೆ. ನಿಯಮ ಜಾರಿಗೆ ಬರದಿದ್ದರೂ ಬೇಡಿಕೆ ಉಳಿಯುವಂಥ ಕೆಲಸದಿಂದ ಶುರು ಮಾಡಿದೆ: ಅಳಿಸಿಹೋಗುವ ದಿನಾಂಕ ಮತ್ತು ಬ್ಯಾಚ್ ನಂಬರಿನ ತೊಂದರೆ ಘಟಕಗಳಿಗೆ ಮೊದಲಿನಿಂದಲೂ ಇತ್ತು. ಅದಕ್ಕಾಗಿ ಯಂತ್ರ ಹಾಕಿಸಿಕೊಂಡವರಿಗೆ ಘಟಕ ಬೆಲೆಯ ಸಾಲು ಬಂದಾಗ ಪರದೆಯಲ್ಲಿ ಒಂದು ಆಯ್ಕೆ ತೆರೆದುಕೊಟ್ಟರೆ ಸಾಕಾಯಿತು. ಬಾಡಿಗೆಯನ್ನು ಕಡಿಮೆ ಇಟ್ಟು ಕಾರ್ಟ್ರಿಜ್ಜಿನಿಂದ ಸಂಪಾದಿಸುವ ಲೆಕ್ಕ ನಮ್ಮದು. ಗ್ರಾಹಕರ ಉತ್ಪಾದನೆ ಇಳಿದ ತಿಂಗಳು ನಮ್ಮ ಆದಾಯವೂ ಇಳಿಯುತ್ತದೆ ಎಂಬುದು ಅದರ ಮಿತಿ.

ಇದೇ ಅಳತೆಗೋಲು ಹಿಡಿದು ನಾನು ಕೈಬಿಟ್ಟ ಅವಕಾಶವೊಂದಿದೆ. ಪಾವತಿ ಕಂಪನಿಗಳು ತಮ್ಮದೇ ಆಪ್‌ನಲ್ಲಿ ಮಾತ್ರ ನಡೆಯುವ ಕ್ಯೂಆರ್ ಕೋಡ್‌ಗಳನ್ನು ಬಿಟ್ಟು, ಎಲ್ಲ ಆಪ್‌ಗಳಿಗೂ ಹೊಂದುವ ಕೋಡ್‌ಗೆ 2022ರ ಮಾರ್ಚ್ 31ರೊಳಗೆ ಬದಲಾಗಬೇಕು ಎಂದು ರಿಸರ್ವ್ ಬ್ಯಾಂಕ್ 2020ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅಂಗಡಿಗಳಿಗೆ ಹೊಸ ಕೋಡ್ ಹಂಚುವ ಕೆಲಸಕ್ಕೆ ಇಳಿಯೋಣವೆಂದು ಸ್ನೇಹಿತರು ಕರೆದರು. ಆದರೆ ಅದು ಒಮ್ಮೆ ಅಂಟಿಸಿದರೆ ಮುಗಿಯುವ ಕೆಲಸ. ಯುಪಿಐ ವಹಿವಾಟಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವುದನ್ನು 2020ರ ಜನವರಿಯಿಂದಲೇ ನಿಲ್ಲಿಸಲಾಗಿತ್ತು, ದೊಡ್ಡ ಕಂಪನಿಗಳು ಕೋಡನ್ನು ಪುಕ್ಕಟೆ ಕೊಡುತ್ತಿದ್ದವು. ಮುಂದೆ ಆ ಕ್ಷೇತ್ರದಲ್ಲಿ ತಿಂಗಳ ಆದಾಯ ತಂದದ್ದು ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸಿನ ಬಾಡಿಗೆ. ಗಿರಾಕಿ ನಿಜವಾಗಿ ಹಣ ಕಳಿಸಿದರೋ ಇಲ್ಲವೋ ಎಂಬ ಅನುಮಾನ ವ್ಯಾಪಾರಿಗೆ ಪ್ರತಿ ವಹಿವಾಟಿನಲ್ಲೂ ಇದ್ದದ್ದರಿಂದ ಅದಕ್ಕೆ ಬಾಡಿಗೆ ಹುಟ್ಟಿತು.

ಈಗ ಹಲವರು ನನ್ನನ್ನು ಕೇಳುವುದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆಯ 2025ರ ತಿದ್ದುಪಡಿಯ ಬಗ್ಗೆ. ಪ್ಲಾಸ್ಟಿಕ್ ಪೊಟ್ಟಣದ ವಿವರಗಳನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್‌ನಲ್ಲಿ ಕೊಡಲು ಅದು 2025ರ ಜುಲೈ 1ರಿಂದ ಅವಕಾಶ ಕೊಟ್ಟಿದೆ. ಆದರೆ ಅದೇ ವಿವರವನ್ನು ಮಾಹಿತಿ ಪತ್ರದಲ್ಲಿ ಕೊಟ್ಟರೂ ನಡೆಯುತ್ತದೆ, ಕಾನೂನಿನ ಪ್ರಕಾರ ಸಿಕ್ಕ ವಿಶಿಷ್ಟ ಸಂಖ್ಯೆಯನ್ನು ಮುದ್ರಿಸಿದರೂ ನಡೆಯುತ್ತದೆ. ಹೀಗೆ ದಾರಿಗಳನ್ನು ತೆರೆದಿಟ್ಟಾಗ ಘಟಕದವರು ಅಗ್ಗದ್ದನ್ನೇ ಹಿಡಿಯುತ್ತಾರೆ. ವಿಶಿಷ್ಟ ಸಂಖ್ಯೆಯನ್ನು ಸಿಲಿಂಡರಿನಲ್ಲಿ ಒಮ್ಮೆ ಕೆತ್ತಿಸಿದರೆ ಬೆಲೆಯ ಹಾಗೆ ಅದು ಬದಲಾಗುತ್ತಾ ಹೋಗುವುದಿಲ್ಲ. ಹಾಗಾಗಿ ಇದಕ್ಕೆಂದೇ ಹೊಸ ಯಂತ್ರ ಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ನಾನೂ ಕೊಂಡಿಲ್ಲ.