ಎರಡು ಪಟ್ಟಿ ಹೆಣೆದು ಗೆದ್ದದ್ದು ಯಾವುದೆಂದು ನೋಡಿದ್ದು

ನಾನು ಕೆಲಸ ಮಾಡುವುದು ಒಂದು ಆನ್‌ಲೈನ್ ದಿನಸಿ ಅಂಗಡಿಯ ಸರ್ಚ್ ತಂಡದಲ್ಲಿ. ಹುಡುಕಿದಾಗ ಸರಕುಗಳು ಯಾವ ಕ್ರಮದಲ್ಲಿ ಕಾಣಬೇಕೆಂಬ ರ‍್ಯಾಂಕಿಂಗ್‌ನಲ್ಲಿ ಸಣ್ಣ ಬದಲಾವಣೆ ಮಾಡಿದರೂ, ಗಿರಾಕಿಗಳನ್ನು ಎರಡು ಗುಂಪಾಗಿಸಿ ಒಂದಕ್ಕೆ ಹಳೆಯದನ್ನೂ ಇನ್ನೊಂದಕ್ಕೆ ಹೊಸದನ್ನೂ ತೋರಿಸಿ ಹೋಲಿಸುವ ಎ/ಬಿ ಟೆಸ್ಟ್ ವಾರಗಟ್ಟಲೆ ಎಳೆಯುತ್ತಿತ್ತು. ಒಬ್ಬರು ದಿನಾ ಕೊಳ್ಳುತ್ತಾರೆ, ಇನ್ನೊಬ್ಬರು ತಿಂಗಳಿಗೊಮ್ಮೆ. ಗಿರಾಕಿಗಳ ನಡುವಿನ ಈ ವ್ಯತ್ಯಾಸದಲ್ಲಿ ರ‍್ಯಾಂಕಿಂಗ್‌ನ ಸಣ್ಣ ಪರಿಣಾಮ ಮುಳುಗಿಹೋಗುತ್ತದೆ. ಹಳೆಯ ಕ್ರಮದ ಪಟ್ಟಿಯನ್ನೂ ಹೊಸ ಕ್ರಮದ ಪಟ್ಟಿಯನ್ನೂ ಹೆಣೆದು ಒಂದಾಗಿ ತೋರಿಸುವ ಇಂಟರ್‌ಲೀವಿಂಗ್‌ನಲ್ಲಿ ಒಬ್ಬರೇ ಗಿರಾಕಿ, ಒಂದೇ ಹುಡುಕಾಟದಲ್ಲಿ, ಎರಡೂ ಪಟ್ಟಿಗಳಿಂದ ಆರಿಸುವುದರಿಂದ ಆ ವ್ಯತ್ಯಾಸ ಅಡ್ಡ ಬರುವುದಿಲ್ಲ. ತಮ್ಮ ಅತಿ ಸೂಕ್ಷ್ಮ ಎ/ಬಿ ಅಳತೆಗೆ ಬೇಕಾಗುವುದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ ಬಳಕೆದಾರರು ಇದಕ್ಕೆ ಸಾಕು ಎಂದು ನೆಟ್‌ಫ್ಲಿಕ್ಸ್ 2017ರಲ್ಲಿ ಬರೆದಿತ್ತು.

ನಾವು ಬಳಸಿದ್ದು 2008ರಲ್ಲಿ ರಾಡ್ಲಿನ್‌ಸ್ಕಿ, ಕುರುಪ್, ಯೋಆಕಿಮ್ಸ್ ವಿವರಿಸಿದ ಟೀಮ್ ಡ್ರಾಫ್ಟ್ ವಿಧಾನ. ಮಕ್ಕಳು ಆಟಕ್ಕೆ ಎರಡು ತಂಡ ಕಟ್ಟುವಂತೆಯೇ ಇದು: ಪ್ರತಿ ಸುತ್ತಿನಲ್ಲಿ ಟಾಸ್ ಗೆದ್ದ ಪಟ್ಟಿ ತನ್ನಲ್ಲಿ ಉಳಿದ ಮೊದಲ ಸರಕನ್ನು ಇಡುತ್ತದೆ, ಆಮೇಲೆ ಇನ್ನೊಂದು ಪಟ್ಟಿ. ‘ರಾಗಿ ಹಿಟ್ಟು’ ಎಂದು ಹುಡುಕಿದರೆ ಹಳೆಯ ಪಟ್ಟಿ ಕ, ಖ, ಗ, ಘ. ಹೊಸದು ಖ, ಚ, ಕ, ಗ ಎಂದಿಟ್ಟುಕೊಳ್ಳಿ. ಟಾಸ್ ಹೊಸದಕ್ಕೆ ಬಿತ್ತು: ಅದು ಖ ಇಡುತ್ತದೆ, ಹಳೆಯದು ಕ. ಮುಂದಿನ ಟಾಸ್ ಹಳೆಯದಕ್ಕೆ: ಖ ಆಗಲೇ ಹೋಗಿರುವುದರಿಂದ ಅದು ಗ ಇಡುತ್ತದೆ, ಹೊಸದು ಚ. ಗಿರಾಕಿಗೆ ಕಾಣುವುದು ಖ, ಕ, ಗ, ಚ. ಅವರು ಚ ಒತ್ತಿದರೆ ಅಂಕ ಹೊಸದಕ್ಕೆ.

ಅಂಕವನ್ನು ಕ್ಲಿಕ್ ಲೆಕ್ಕದಲ್ಲಿ ಕೂಡಿಸಬಾರದು. ಹತ್ತು ಸಲ ಒತ್ತುವ ಒಬ್ಬರು ಹತ್ತು ಜನರಾಗುವುದಿಲ್ಲ. ಪ್ರತಿ ಗಿರಾಕಿಯ ಒಟ್ಟು ಒಲವು ಯಾವ ಕಡೆಗೆಂದು ನೋಡಿ, ಅವರಿಗೆ ಒಂದೇ ಮತ ಕೊಟ್ಟೆವು. ಎರಡೂ ಪಟ್ಟಿಗಳ ಮೇಲ್ಭಾಗ ಒಂದೇ ಆಗಿದ್ದರೆ ಅಲ್ಲಿನ ಕ್ಲಿಕ್ ಯಾರ ಪಾಲಾಗುತ್ತದೆ ಎಂಬುದು ಬರೀ ಟಾಸ್‌ನ ಮಾತು, ಹಾಗಾಗಿ ಅವನ್ನು ಲೆಕ್ಕದಿಂದ ತೆಗೆದೆವು.

ಟಾಸ್‌ನ ಫಲ ನಿರ್ಧರಿಸುವ ಬೀಜಸಂಖ್ಯೆಯನ್ನು ಗಿರಾಕಿಯ ಐಡಿ, ಹುಡುಕಿದ ಪದ, ಪ್ರಯೋಗದ ಹೆಸರು ಮೂರನ್ನೂ ಸೇರಿಸಿ ಹ್ಯಾಶ್ ಮಾಡಿ, ಅಂದರೆ ಒಂದು ಸಂಖ್ಯೆಯಾಗಿಸಿ, ಪಡೆದೆವು. ಆಗ ಪುಟ ರಿಫ್ರೆಶ್ ಮಾಡಿದರೂ ಹೆಣಿಗೆ ಬದಲಾಗುವುದಿಲ್ಲ. ಪದವೊಂದನ್ನೇ ಹ್ಯಾಶ್ ಮಾಡಿದರೆ ‘ಹಾಲು’ ಎಂದು ಹುಡುಕಿದವರಿಗೆಲ್ಲ ಒಂದೇ ತಂಡ ಮೇಲೆ ಕೂತುಬಿಡುತ್ತದೆ. ಇಂಥದ್ದನ್ನು ಹಿಡಿಯಲು ಮೊದಲು ಹಳೆಯದರ ಎದುರು ಹಳೆಯದನ್ನೇ ಹೆಣೆದು ಓಡಿಸಿದೆವು. ಈ ಓಟಕ್ಕೆ ಮಾತ್ರ ಮೇಲ್ಭಾಗದ ಕ್ಲಿಕ್‌ಗಳನ್ನೂ ಎಣಿಸಬೇಕು, ಇಲ್ಲದಿದ್ದರೆ ಎಣಿಸಲು ಏನೂ ಉಳಿಯುವುದಿಲ್ಲ. ಮತಗಳು ಸರಿಸುಮಾರು ಸಮ ಬರದಿದ್ದರೆ ಕೋಡಿನಲ್ಲೇ ದೋಷವಿದೆ ಎಂದರ್ಥ.

ಈ ವಿಧಾನಕ್ಕೆ ಕಾಣದ ಒಂದು ಮೂಲೆಯೂ ಇದೆ. ಹಳೆಯದು ಕ, ಖ, ಗ. ಹೊಸದು ಖ, ಗ, ಕ. ಗಿರಾಕಿಗೆ ಬೇಕಾದದ್ದು ಗ ಮಾತ್ರ. ಹೊಸದೇ ಮೇಲು, ಅದು ಗ ವನ್ನು ಎರಡನೆಯ ಸ್ಥಾನಕ್ಕೆ ತಂದಿದೆ. ಆದರೆ ಮೊದಲ ಸುತ್ತಿನಲ್ಲಿ ಯಾರಿಗೆ ಟಾಸ್ ಬಿದ್ದರೂ ಕ, ಖ ಎರಡೂ ಖರ್ಚಾಗುತ್ತವೆ, ಗ ಎರಡನೆಯ ಟಾಸ್ ಗೆದ್ದವರ ಪಾಲು. ಫಲಿತಾಂಶ ಸಮ. ಹಾಗಾಗಿ ಸಮ ಬಂದ ಮಾತ್ರಕ್ಕೆ ನಾನು ಹೊಸದನ್ನು ಕೈಬಿಡುವುದಿಲ್ಲ, ಪಟ್ಟಿಗಳಲ್ಲಿ ಆದ ಬದಲಾವಣೆ ಈ ಬಗೆಯದೇ ಎಂದು ತೆರೆದು ನೋಡುತ್ತೇನೆ.

ಇಂಟರ್‌ಲೀವಿಂಗ್‌ನಲ್ಲಿ ಗೆದ್ದದ್ದನ್ನು ನೇರವಾಗಿ ಎಲ್ಲರಿಗೂ ಬಿಡುವುದೂ ಇಲ್ಲ. ಹೊಸ ರ‍್ಯಾಂಕರ್ ನಿಧಾನವಾಗಿದ್ದರೂ ಹೆಣೆದ ಪುಟದಲ್ಲಿ ಆ ವಿಳಂಬ ಎರಡೂ ತಂಡಗಳ ತಲೆಗೆ ಸಮನಾಗಿ ಬೀಳುತ್ತದೆ, ಮಾರಾಟ ಎಷ್ಟು ಏರೀತೆಂಬುದೂ ತಿಳಿಯುವುದಿಲ್ಲ. ಅದಕ್ಕೇ ಹಲವು ರ‍್ಯಾಂಕರ್‌ಗಳನ್ನು ಹೀಗೆ ಸೋಸಿ, ಉಳಿದ ಒಂದೆರಡನ್ನು ಮಾತ್ರ ಎ/ಬಿ ಟೆಸ್ಟ್‌ಗೆ ಕಳಿಸುತ್ತೇವೆ.